6÷2(1+2): ಒಂದರಲ್ಲಿ 9, ಇನ್ನೊಂದರಲ್ಲಿ 1

"ಮಗಳ ಬಾಡ್‌ಮಾಸ್ ವರ್ಕ್‌ಶೀಟ್‌ನಲ್ಲಿ 6÷2(1+2) ಇದೆ. ಫೋನಿನಲ್ಲಿ 9 ಬರುತ್ತೆ, ಅವಳಣ್ಣನ ಕ್ಯಾಸಿಯೋದಲ್ಲಿ 1. ಯಾವುದು ಸರಿ?"

ಎರಡೂ ಕೆಟ್ಟಿಲ್ಲ. 2ಕ್ಕೂ ಬ್ರಾಕೆಟ್ಟಿಗೂ ನಡುವೆ ಗುಣಾಕಾರದ ಚಿಹ್ನೆ ಬಿಟ್ಟಿರುವುದೇ ತೊಂದರೆ.

ಬ್ರಾಕೆಟ್ ಬಿಡಿಸುವವರೆಗೆ ಜಗಳವಿಲ್ಲ, 6÷2(3) ಉಳಿಯುತ್ತದೆ. ಫೋನು ಇದನ್ನು 6÷2×3 ಅಂತ ಓದಿ ಎಡದಿಂದ ಲೆಕ್ಕ ಮಾಡುತ್ತದೆ: 3×3, ಅಂದರೆ 9. ಕ್ಯಾಸಿಯೋ 2(3) ಅನ್ನು ಒಂದೇ ಗಂಟಾಗಿ ನೋಡುತ್ತದೆ: 6÷6, ಅಂದರೆ 1. ಅದು fx-991EX ಆಗಿದ್ದರೆ = ಒತ್ತಿದ ಮೇಲೆ ಪರದೆ ಗಮನಿಸಿ. ತಾನೇ ಬ್ರಾಕೆಟ್ ಸೇರಿಸಿ 6÷(2(1+2)) ಅಂತ ತೋರಿಸಿರುತ್ತದೆ. ಬೀಜಗಣಿತದಲ್ಲಿ 6÷2x ಕಂಡರೆ ನಾವೂ ಇಡೀ 2xನಿಂದಲೇ ಭಾಗಿಸುತ್ತೇವೆ ಅಲ್ವಾ, ಅದೇ ಅಭ್ಯಾಸ.

ಮೊದಲು ಎರಡರಲ್ಲೂ 6÷2×(1+2) ಒತ್ತಿ. ಎರಡೂ 9 ಕೊಡುತ್ತವೆ. ಆಮೇಲೆ 6÷(2×(1+2)) ಒತ್ತಿ, ಎರಡೂ 1. ಮಗಳಿಗೂ ಇದನ್ನೇ ತೋರಿಸಿ.

ವರ್ಕ್‌ಶೀಟ್ ಮಾಡಿದವರ ಮನಸ್ಸಿನಲ್ಲಿ ಯಾವುದಿತ್ತು ಅಂತ ಈ ಒಂದು ಸಾಲು ನೋಡಿ ಹೇಳಲಾಗದು. ಟೀಚರನ್ನು ಕೇಳುವುದೇ ಒಳ್ಳೆಯದು. ಕೇಳಲು ಆಗದಿದ್ದರೆ × ಹಾಕಿಕೊಂಡು, ಹಂತಗಳನ್ನು ಬರೆದು 9 ಅಂತ ಕೊಡಲಿ. ಶಾಲೆಯ ಬಾಡ್‌ಮಾಸ್‌ನಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವುದು ಅದೇ.

ಅದೇ ಹಾಳೆಯಲ್ಲಿ 10−3+2 ತರಹದ ಲೆಕ್ಕಗಳಿದ್ದರೆ ಅವನ್ನೂ ನೋಡಿಬಿಡಿ. 'ಎ' ಮೊದಲು, 'ಎಸ್' ಆಮೇಲೆ ಅಂದುಕೊಂಡು 5 ಬರೆಯುವ ಮಕ್ಕಳು ಜಾಸ್ತಿ. ಕೂಡುವುದು, ಕಳೆಯುವುದು ಎರಡಕ್ಕೂ ಒಂದೇ ದರ್ಜೆ, ಎಡದಿಂದ ಬಂದರೆ 9.