200ರ ಫೈಬರ್ ಪ್ಲಾನ್, ಸಿಗೋದು 94 ಮಾತ್ರ

> ಕಲಬುರಗಿ, ಜೇವರ್ಗಿ ರಸ್ತೆಯ ಅಪಾರ್ಟ್‌ಮೆಂಟ್. 200 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇನೆ. ಹಗಲಾಗಲಿ ರಾತ್ರಿಯಾಗಲಿ 94 ದಾಟೋದಿಲ್ಲ. ಮೋಸ ಮಾಡ್ತಿದ್ದಾರಾ?

ಫೈಬರ್ ತಪ್ಪು ಇರಲಿಕ್ಕಿಲ್ಲ. ಮಧ್ಯೆ ಎಲ್ಲೋ ತಾಮ್ರದ ತಂತಿ 100ಕ್ಕೆ ಇಳಿದಿದೆ. 100 ಎಂಬಿಪಿಎಸ್ ಈಥರ್ನೆಟ್‌ನಲ್ಲಿ ಡೇಟಾದ ಜೊತೆಗೆ ಸಾಗುವ ವಿಳಾಸ ಇತ್ಯಾದಿ ಕಳೆದರೆ ಕೈಗೆ ಸಿಗೋದು ಸುಮಾರು 94. ವೈಫೈ ಅಥವಾ ಸಂಜೆಯ ದಟ್ಟಣೆ ಕಾರಣವಾಗಿದ್ದರೆ ಅಂಕಿ ಏರಿಳಿಯುತ್ತಿತ್ತು, ಹೀಗೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ.

ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೌಟರ್‌ಗೆ ಜೋಡಿಸಿ. ವಿಂಡೋಸ್ 11ರಲ್ಲಿ Settings > Network & internet > Ethernet ತೆರೆದು Link speed ನೋಡಿ. 100/100 ಇದ್ದರೆ ಕೇಬಲ್ ಬದಲಿಸಿ. ಆಗಲೂ ಹಾಗೇ ಇದ್ದರೆ ರೌಟರ್ ಅಥವಾ ಲ್ಯಾಪ್‌ಟಾಪಿನ ಪೋರ್ಟೇ 100ರದ್ದು. ಅಗ್ಗದ ರೌಟರ್‌ಗಳಲ್ಲಿ ಇದು ಜಾಸ್ತಿ.

1000/1000 ತೋರಿಸಿಯೂ 94 ಬಂದರೆ ರೌಟರ್‌ನ ಒಳಬರುವ ತಂತಿ ನೋಡಿ. ಕೂದಲೆಳೆಯಂಥ ಗಾಜಿನ ಫೈಬರ್ ನಿಮ್ಮ ಮನೆಯವರೆಗೆ ಬಂದಿದೆಯಾ, ಇಲ್ಲ ಕೆಳಗಿನ ಡಬ್ಬಿಯಲ್ಲೇ ನಿಂತು ಅಲ್ಲಿಂದ ದಪ್ಪ ಲ್ಯಾನ್ ವೈರ್ ಎಳೆದಿದ್ದಾರಾ? ಎರಡನೆಯದನ್ನೂ "ಫೈಬರ್" ಅಂತಲೇ ಮಾರುತ್ತಾರೆ, ಅದೇ ಸಿಟ್ಟು ಬರೋದು. ಆ ವೈರ್‌ನ ಎಂಟೂ ಎಳೆ ಸರಿಯಾಗಿ ಕೂತರೆ ಮಾತ್ರ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್. ಗಿಗಾಬಿಟ್‌ಗೆ ಮಾತ್ರ ಬೇಕಾದ ನಾಲ್ಕು ಎಳೆಗಳಲ್ಲಿ ಒಂದು ತುಂಡಾದರೂ, ಅಥವಾ ಉಳಿದ ನಾಲ್ಕನ್ನೇ ಪ್ಲಗ್‌ಗೆ ಒತ್ತಿ ಕ್ರಿಂಪ್ ಮಾಡಿದ್ದರೂ 100ಕ್ಕೆ ಬೀಳುತ್ತದೆ, ನೆಟ್ ಮಾತ್ರ ನಡೀತಾನೇ ಇರುತ್ತೆ.

ದೂರು ಕೊಡುವಾಗ ಸುಮ್ನೆ "ಸ್ಲೋ" ಅನ್ನಬೇಡಿ. "ಲಿಂಕ್ 100ಕ್ಕೆ ನಿಂತಿದೆ, ಎರಡೂ ತುದಿಗೆ ಎಂಟೂ ಎಳೆ ಹೊಸದಾಗಿ ಕ್ರಿಂಪ್ ಮಾಡಿ, ಡಬ್ಬಿಯ ನೆಟ್‌ವರ್ಕ್ ಸ್ವಿಚ್ ಗಿಗಾಬಿಟ್ಟಾ ನೋಡಿ" ಅನ್ನಿ.