ಬಿದ್ದೀತು ಅಂದರೆ ಬಿತ್ತು ಅಂತಲ್ಲ

*ಸಂಪಾದಕರಿಗೆ ನಮಸ್ಕಾರ. ನಾನು ತಿಪಟೂರಿನವಳು. ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುತ್ತೇನೆ. ಈಗ ಒಂದು ಸಣ್ಣ ಕಂಪನಿ ಷೇರು ಬಿಡುತ್ತಿದೆ. ಅದರ ಪ್ರಾಸ್ಪೆಕ್ಟಸ್‌ನ ‘ಅಪಾಯದ ಅಂಶಗಳು’ ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪುಟ ಮುಗಿಯುವಷ್ಟರಲ್ಲಿ ಇಪ್ಪತ್ತು ಸಲ ‘ಬಹುದು’ ಬರುತ್ತದೆ. ಓದಿದವರು ಇದೇನು ರಾಗ ಅನ್ನುತ್ತಾರೆ. ಕನ್ನಡ ನೇರವಾದ ಭಾಷೆ ಅಲ್ವಾ? ಅರ್ಧ ‘ಬಹುದು’ ಕಿತ್ತು ನೇರವಾಗಿ ಬರೆದರೆ ತಪ್ಪೇ?*
*– ಒಬ್ಬ ಓದುಗರು, ತಿಪಟೂರು*

ತಪ್ಪು, ತಂಗಿ. ಒಂದನ್ನೂ ಕೀಳಬೇಡಿ.

ನಿಮ್ಮ ಕಿವಿ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಸಾಲು ಸಾಲಿಗೆ ‘ಬಹುದು’ ಬಂದರೆ ಓದುವವರಿಗೆ ಬೇಸರ ಆಗುತ್ತದೆ. ಅದಕ್ಕೆ ಒಂದು ನ್ಯಾಯವಾದ ದಾರಿಯೂ ಇದೆ. ಇಂಗ್ಲಿಷಿನಲ್ಲಿ ಒಂದೇ ‘ಮೇ’ ಆದ ಮೇಲೆ ಐದು ವಿಷಯ ಬಂದಿದ್ದರೆ, ಕನ್ನಡದಲ್ಲೂ ಐದನ್ನು ಸಾಲಾಗಿ ಹೇಳಿ ಕೊನೆಗೆ ಒಂದೇ ‘ಬಹುದು’ ಹಾಕಿ. ಅಷ್ಟು ಸಾಕು. ಆದರೆ ಅಲ್ಲಿ ಐದು ‘ಮೇ’ ಇದ್ದರೆ ಇಲ್ಲೂ ಐದು ಇರಲೇಬೇಕು.

ಕನ್ನಡ ನೇರವಾದ ಭಾಷೆ ಅಂದಿರಲ್ಲ, ಆ ಮಾತು ನನಗೆ ನೋವು ತಂದಿತು. ಅದೂ ತಿಪಟೂರಿನವರ ಬಾಯಲ್ಲಿ! ನಿಮ್ಮ ಊರಿನಲ್ಲಿ ತೆಂಗಿನ ಮರದ ಕೆಳಗೆ ಮಗು ಆಡುತ್ತಿದ್ದರೆ ಅಜ್ಜಿ ಏನು ಕೂಗುತ್ತಾರೆ? “ಕಾಯಿ ಬಿದ್ದೀತು, ಈಚೆ ಬಾ.” ಬೀಳುತ್ತದೆ ಅನ್ನುವುದಿಲ್ಲ. ಬೀಳುವುದಿಲ್ಲ ಅಂತಲೂ ಅನ್ನುವುದಿಲ್ಲ. ಬಿದ್ದೀತು. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಇದಕ್ಕೆ ಸಂಭಾವನಾರ್ಥಕ ಅಂತ ಹೆಸರಿದೆ. ಬಂದೀತು, ಹೋದೀತು, ಆದೀತು. ಆಗಬಹುದಾದ ಕೆಡುಕನ್ನು ಮುಂಚೆಯೇ ಹೇಳಿ ಎಚ್ಚರಿಸಲು ಕ್ರಿಯಾಪದದ ಒಂದು ರೂಪವನ್ನೇ ಇಟ್ಟುಕೊಂಡ ಭಾಷೆ ನಮ್ಮದು. ಅಪಾಯದ ಅಂಶ ಅಂದರೆ ಅದೇ ತಾನೆ? ಕಾಯಿ ಬಿದ್ದೀತು ಅಂತ ಹೂಡಿಕೆದಾರರಿಗೆ ಹೇಳುವುದು.

ಪ್ರಾಸ್ಪೆಕ್ಟಸ್‌ನಲ್ಲಿ ‘ಆದೀತು’ ಬಳಸಿ ಅಂತ ನಾನು ಹೇಳುತ್ತಿಲ್ಲ. ಆ ರೂಪದಲ್ಲಿ ಹೇಳುವವರ ಆತಂಕವೂ ಸೇರಿಬಿಡುತ್ತದೆ. ಕಂಪನಿಯ ಕಾಗದಕ್ಕೆ ಅದು ಒಗ್ಗುವುದಿಲ್ಲ. ಅಲ್ಲಿ ‘ಬಹುದು’ ಸರಿ, ಅದು ಯಾರ ಕಡೆಗೂ ವಾಲುವುದಿಲ್ಲ. ನಾನು ಹೇಳುವುದು ಇಷ್ಟೇ: ಅನುಮಾನವನ್ನು ಅನುಮಾನವಾಗಿಯೇ ಹೇಳುವ ಶಕ್ತಿ ಕನ್ನಡಕ್ಕೆ ಇಲ್ಲ ಅನ್ನಬೇಡಿ.

ಈಗ ಒಂದು ವಾಕ್ಯ ತೆಗೆದುಕೊಳ್ಳೋಣ. ನಿಮ್ಮ ಕಡೆಯದೇ ಇರಲಿ, ಕೊಬ್ಬರಿ ಎಣ್ಣೆ ತೆಗೆಯುವ ಕಂಪನಿ ಅಂದುಕೊಳ್ಳಿ. ಇಂಥ ಕಂಪನಿಗಳ ಕಾಗದದಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಕಚ್ಚಾ ಮಾಲು ಪೂರೈಸುವವರ ಜೊತೆ ದೀರ್ಘಾವಧಿ ಒಪ್ಪಂದ ಇಲ್ಲ, ಬೆಲೆ ಏರಿದರೆ ಕಷ್ಟ ಆಗಬಹುದು. ಅವಸರದಲ್ಲಿ ಮಾಡಿದ ಅನುವಾದ ಹೀಗಿರುತ್ತದೆ:

“ಕೊಬ್ಬರಿ ಬೆಲೆ ಏರಿದಾಗ ಆ ಏರಿಕೆಯನ್ನು ಸಕಾಲಕ್ಕೆ ಗ್ರಾಹಕರ ಮೇಲೆ ಹಾಕಲಾರೆವು. ಆದ್ದರಿಂದ ನಮಗೆ ನಷ್ಟವಾಗುತ್ತದೆ.”

ಓದಲು ಎಷ್ಟು ಸಲೀಸು! ಆದರೆ ಎರಡೇ ವಾಕ್ಯದಲ್ಲಿ ಐದು ತಪ್ಪು. ‘ಏರಿದಾಗ’ ಅಂದರೆ ಏರುವುದು ಖಂಡಿತ, ದಿನ ಮಾತ್ರ ಗೊತ್ತಿಲ್ಲ ಅಂತ ಆಯಿತು. ಮೂಲದಲ್ಲಿ ಇರುವುದು ‘ಏರಿದರೆ’. ಇನ್ನು ‘ಹಾಕಲಾರೆವು’. ಇಂಗ್ಲಿಷಿನಲ್ಲಿ ‘ಮೇ ನಾಟ್ ಬಿ ಏಬಲ್ ಟು’ ಅಂತಿದೆ. ‘ಲಾರೆ’ ಅಂದರೆ ಆಗುವುದೇ ಇಲ್ಲ ಅಂತ ಕೈಚೆಲ್ಲಿದ ಹಾಗೆ. ‘ಸಾಧ್ಯವಾಗದಿರಬಹುದು’ ಅನ್ನಬೇಕಿತ್ತು. ‘ಆದ್ದರಿಂದ’ ಬಂದರೆ ಹಿಂದಿನ ಮಾತು ನಡೆದೇ ಹೋಯಿತು ಅಂತ ಒಪ್ಪಿದಂತೆ. ‘ಹಾಗಾದರೆ’ ಬಂದರೆ ಷರತ್ತು ಹಾಗೇ ಉಳಿಯುತ್ತದೆ. ‘ನಷ್ಟವಾಗುತ್ತದೆ’ ಅನ್ನುವುದಂತೂ ಮೂಲದಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ವ್ಯವಹಾರದ ಫಲಿತಾಂಶದ ಮೇಲೆ ಪ್ರತಿಕೂಲ ಪರಿಣಾಮ ಆಗಬಹುದು ಅಂತ. ಹತ್ತು ಕೋಟಿ ಲಾಭ ಎಂಟು ಕೋಟಿಗೆ ಇಳಿದರೂ ಅದು ಪ್ರತಿಕೂಲ ಪರಿಣಾಮವೇ. ಆದರೆ ನಷ್ಟ ಅಲ್ಲ.

ಐದನೆಯದು ಕಣ್ಣಿಗೆ ಬೀಳದ ತಪ್ಪು. ಇಂಗ್ಲಿಷಿನಲ್ಲಿ ‘ಇನ್ ಎ ಟೈಮ್ಲಿ ಮ್ಯಾನರ್, ಆರ್ ಅಟ್ ಆಲ್’ ಅಂತ ಬರುತ್ತದೆ. ಎಲ್ಲರೂ ‘ಸಕಾಲಕ್ಕೆ’ ಅಂತ ಬರೆದು ಮುಂದೆ ಹೋಗುತ್ತಾರೆ. ‘ಅಟ್ ಆಲ್’ ಬಾಲದ ಹಾಗೆ ಕಾಣುತ್ತದೆ, ಅದಕ್ಕೇ ಕಳಚಿ ಬೀಳುತ್ತದೆ. ಆದರೆ ಇಡೀ ವಾಕ್ಯದ ದೊಡ್ಡ ಅಪಾಯ ಇರುವುದು ಅದರಲ್ಲೇ. ತಡವಾದರೆ ಒಂದು ತ್ರೈಮಾಸಿಕದ ಲಾಭ ಕಡಿಮೆ ಆಗಬಹುದು. ಎಂದೂ ಆಗದೇ ಹೋದರೆ ವ್ಯಾಪಾರದ ಬುಡಕ್ಕೇ ಪೆಟ್ಟು.

ನಾನಾದರೆ ಹೀಗೆ ಬರೆಯುತ್ತೇನೆ:

“ಕೊಬ್ಬರಿ ಪೂರೈಸುವವರ ಜೊತೆ ನಮಗೆ ದೀರ್ಘಾವಧಿಯ ಒಪ್ಪಂದ ಇಲ್ಲ. ಕೊಬ್ಬರಿಯ ಬೆಲೆ ಏರಿದರೆ, ಆ ಏರಿಕೆಯನ್ನು ಸಕಾಲಕ್ಕೆ ಗ್ರಾಹಕರ ಮೇಲೆ ಹಾಕಲು ನಮಗೆ ಸಾಧ್ಯವಾಗದಿರಬಹುದು, ಅಥವಾ ಎಂದಿಗೂ ಸಾಧ್ಯವಾಗದೇ ಹೋಗಬಹುದು. ಹಾಗಾದರೆ ನಮ್ಮ ವ್ಯವಹಾರದ ಫಲಿತಾಂಶಗಳ ಮೇಲೆ ಪ್ರತಿಕೂಲ ಪರಿಣಾಮ ಆಗಬಹುದು.”

ಮೂರು ‘ಬಹುದು’ ಬಂದಿವೆ, ಎಣಿಸಿಕೊಳ್ಳಿ. ಆದರೆ ಮೊದಲ ವಾಕ್ಯದಲ್ಲಿ ಒಂದೂ ಇಲ್ಲ. ಒಪ್ಪಂದ ಇಲ್ಲ ಅನ್ನುವುದು ಅನುಮಾನ ಅಲ್ಲ, ಇವತ್ತಿನ ಸತ್ಯ. ‘ಬಹುದು’ ಬರೆದು ಬರೆದು ಕೈಗೆ ರೂಢಿಯಾಗಿ ‘ಒಪ್ಪಂದ ಇಲ್ಲದಿರಬಹುದು’ ಅಂತ ಬರೆಯುವವರನ್ನೂ ನೋಡಿದ್ದೇನೆ. ಅದು ಇನ್ನೊಂದು ಕಡೆಯ ತಪ್ಪು.

ನಡೆದುಹೋದದ್ದನ್ನು ‘ಬಹುದು’ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ನೋಡಿ. ಅಮೆರಿಕದಲ್ಲಿ ಫೇಸ್‌ಬುಕ್ ತನ್ನ ವರದಿಗಳ ಅಪಾಯದ ಅಂಶಗಳಲ್ಲಿ ಬಳಕೆದಾರರ ಮಾಹಿತಿ ದುರುಪಯೋಗ ಆಗಬಹುದು ಅಂತ ಬರೆಯುತ್ತಾ ಬಂದಿತ್ತು. ಆ ದುರುಪಯೋಗ ಆಗಿಯೇ ಹೋಗಿದೆ ಅಂತ ಕಂಪನಿಗೆ 2015ರಲ್ಲೇ ಗೊತ್ತಿತ್ತು ಎಂದು ಅಲ್ಲಿನ ಷೇರುಪೇಟೆ ನಿಯಂತ್ರಕರು ಆರೋಪ ಹೊರಿಸಿದರು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 2019ರಲ್ಲಿ ಕಂಪನಿ 10 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಒಂದು ‘ಮೇ’ ತಪ್ಪು ಜಾಗದಲ್ಲಿ ಕೂತಿದ್ದಕ್ಕೆ! ನಿಮ್ಮ ಮೂಲದಲ್ಲಿ ‘ಹಿಂದೆ ತೆರಿಗೆ ಕಟ್ಟುವಲ್ಲಿ ವಿಳಂಬ ಆಗಿದೆ, ಮುಂದೆಯೂ ಆಗಬಹುದು’ ಅಂತ ಇದ್ದು, ನೀವು ಚಿಕ್ಕದು ಮಾಡಲು ‘ವಿಳಂಬ ಆಗಬಹುದು’ ಅಂತ ಬರೆದರೆ, ನಡೆದದ್ದನ್ನು ಮುಚ್ಚಿಟ್ಟಂತೆ ಆಗುತ್ತದೆ. ನಮ್ಮ 2013ರ ಕಂಪನಿ ಕಾಯ್ದೆಯ 34ನೇ ಸೆಕ್ಷನ್ ಸುಳ್ಳು ಹೇಳುವುದನ್ನು ಮಾತ್ರ ಹಿಡಿಯುವುದಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಏನನ್ನಾದರೂ ಬಿಟ್ಟು ದಾರಿ ತಪ್ಪಿಸುವಂತಿದ್ದರೆ ಅದನ್ನೂ ಅಪರಾಧ ಅನ್ನುತ್ತದೆ.

‘ಬಹುದು’ಗೂ ಒಂದು ತೊಂದರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ‘ಪ್ರವರ್ತಕರು ತಮ್ಮ ಷೇರುಗಳನ್ನು ಮಾರಬಹುದು’ ಅಂದರೆ ಏನು? ಮಾರಲು ಅವರಿಗೆ ಅನುಮತಿ ಇದೆ ಅಂತಲೋ, ಮಾರಿಬಿಡುವ ಅಪಾಯ ಇದೆ ಅಂತಲೋ? ಓದುವವರು ಸಾಮಾನ್ಯವಾಗಿ ಅನುಮತಿ ಅಂತಲೇ ತಿಳಿಯುತ್ತಾರೆ. ಇದಕ್ಕೆ ಕೆಲವರು ‘ಮಾರುವ ಸಾಧ್ಯತೆ ಇದೆ’ ಅಂತ ಬರೆಯುತ್ತಾರೆ. ನನಗೆ ಅದು ಇಷ್ಟ ಇಲ್ಲ. ‘ನಾಳೆ ಮಳೆ ಬರುವ ಸಾಧ್ಯತೆ ಇದೆ’ ಅಂತ ಪತ್ರಿಕೆಯಲ್ಲಿ ಓದಿದರೆ ಜನ ಕೊಡೆ ತೆಗೆದಿಟ್ಟುಕೊಳ್ಳುತ್ತಾರೆ. ಅಲ್ಲಿ ಬರುವುದೇ ಜಾಸ್ತಿ ಅನ್ನುವ ಅರ್ಥ ಬಂದುಬಿಟ್ಟಿದೆ. ‘ಮೇ’ ಅಷ್ಟು ಹೇಳುವುದಿಲ್ಲ. ‘ಮಾರಲೂಬಹುದು’ ಅನ್ನಿ. ಆ ಒಂದು ‘ಊ’ ಸಾಕು, ಅನುಮತಿಯ ಅರ್ಥ ಬಿಟ್ಟು ಹೋಗುತ್ತದೆ.

ನಾನು ಚಿಕ್ಕವನಿದ್ದಾಗ ತುಮಕೂರಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಒಂದು ಕಂಪನಿಯ ಪ್ರಾಸ್ಪೆಕ್ಟಸ್‌ನ ಅನುವಾದ ಬಂತು. ‘ನೋ ಅಶ್ಯೂರೆನ್ಸ್’ ಅನ್ನುವ ಕಡೆಯೆಲ್ಲ ‘ನಮಗೆ ಭರವಸೆ ಇಲ್ಲ’ ಅಂತಿತ್ತು. ಅಕ್ಷರ ಸರಿಯಿದೆ ಅಂತ ನಾನು ಬಿಟ್ಟೆ. ಅಚ್ಚಾದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಹಿಡಿದುಕೊಂಡು ಬಂದರು. “ಕಂಪನಿಯವರೇ ಭರವಸೆ ಕಳಕೊಂಡವರೆ ಅಂದ್ರೆ ನಾವು ಹಾಕಿದ ದುಡ್ಡು ಏನಪ್ಪಾ?” ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು. ಕಂಪನಿ ಹೇಳಬೇಕಿದ್ದದ್ದು ‘ಖಾತರಿ ಕೊಡಲಾಗದು’ ಅಂತ. ಅವತ್ತು ಅದನ್ನು ಅವರಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ನನಗೆ ಈಗಲೂ ಆ ಕೈ ಕಣ್ಣ ಮುಂದಿದೆ.

ಆ ಮೇಷ್ಟ್ರ ಹಾಗೆ ಕನ್ನಡದಲ್ಲಿ ಓದಿ ದುಡ್ಡು ಹಾಕುವವರು ನಮ್ಮ ಜಿಲ್ಲೆಯಲ್ಲಿ ಈಗ ಕಡಿಮೆಯೇನಿಲ್ಲ. ಆದರೆ ಅವರಿಗೆ ಸಿಗುವುದೇನು? ಐಪಿಒ ಜಾಹೀರಾತನ್ನು ಇಂಗ್ಲಿಷ್, ಹಿಂದಿ ಪತ್ರಿಕೆಯ ಜೊತೆಗೆ ಕಂಪನಿಯ ನೋಂದಾಯಿತ ಕಚೇರಿ ಇರುವ ಕಡೆಯ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು ಅಂತ ಸೆಬಿಯ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ಕನ್ನಡದ ಕೆಲಸ ಯಾವಾಗಲೂ ಕೊನೆಯದು. ಇಂಗ್ಲಿಷ್ ಪಾಠವನ್ನು ವಕೀಲರು, ಮರ್ಚೆಂಟ್ ಬ್ಯಾಂಕರ್‌ಗಳು ತಿಂಗಳುಗಟ್ಟಲೆ ತಿದ್ದುತ್ತಾರೆ, ಒಂದೊಂದು ‘ಕುಡ್’ಗೂ ವಾದ ಮಾಡುತ್ತಾರೆ. ಕನ್ನಡದವರಿಗೆ ಸಂಜೆ ಕಳಿಸಿ ಬೆಳಿಗ್ಗೆ ಬೇಕು ಅನ್ನುತ್ತಾರೆ. ಕೊನೆಯಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಅಂತ ಒಂದು ಸಾಲು ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ವಿಮೆಯ ಕಾಗದದಲ್ಲೂ ಇದೇ, ಚಿನ್ನದ ಸಾಲದ ಕಾಗದದಲ್ಲೂ ಇದೇ. ಇಂಗ್ಲಿಷ್ ಬಾರದ ಮನುಷ್ಯನಿಗೆ ಇಂಗ್ಲಿಷ್ ಅಂತಿಮ ಅಂದರೆ ಏನು ಉಪಯೋಗ? ಅವನ ಪಾಲಿಗೆ ನೀವು ಬರೆದದ್ದೇ ಅಂತಿಮ.

ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಎರಡು ಪಾಠವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಪ್ರತಿ ‘ಇಫ್’, ‘ಮೇ’, ‘ಕುಡ್’ ಕೆಳಗೆ ಕೆಂಪು ಗೆರೆ ಎಳೆಯಿರಿ. ಆಮೇಲೆ ಕನ್ನಡದಲ್ಲಿ ಬೇರೆಲ್ಲ ಬಿಟ್ಟು ಕ್ರಿಯಾಪದಗಳನ್ನು ಮಾತ್ರ ಜೋರಾಗಿ ಓದಿ. ನಮ್ಮ ಭಾಷೆಯಲ್ಲಿ ಅದು ಸುಲಭ, ಅವು ವಾಕ್ಯದ ಕೊನೆಯಲ್ಲೇ ಕೂತಿರುತ್ತವೆ. ಎಲ್ಲಿ ‘ಉತ್ತದೆ’ ಅಂತ ಕೇಳಿಸಿತೋ ಅಲ್ಲಿ ನಿಂತು, ಪಕ್ಕದಲ್ಲಿ ಕೆಂಪು ಗೆರೆ ಇದೆಯೇ ನೋಡಿ. ಮೊದಲು ‘ಅಟ್ ಆಲ್’ ಇರುವ ವಾಕ್ಯಗಳನ್ನು ಹುಡುಕಿ ತೆಗೆಯಿರಿ, ಅಲ್ಲೇ ಜಾಸ್ತಿ ತಪ್ಪಿರುತ್ತದೆ.