ಕೊನೇ ದಿನದ ಬ್ಯಾಲೆನ್ಸ್ ಸಾಕಾಗಲ್ಲ

ಬ್ರಿಟನ್ ಸ್ಟೂಡೆಂಟ್ ವೀಸಾಗೆ ಕೊಡೋ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕೊನೇ ದಿನ ಪೂರ್ತಿ ದುಡ್ಡಿದ್ದರೆ ಸಾಕಲ್ವಾ?

ಸಾಲದು. ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಬೇಕು. ಆ 28ನೇ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. ಹಾಗಾಗಿ ಬ್ಯಾಲೆನ್ಸ್ ಕಾಲಂನಲ್ಲಿ ಹಿಂದಕ್ಕೆ ಎಣಿಸುತ್ತಾ ಅತಿ ಕಡಿಮೆ ಅಂಕಿ ಹುಡುಕಿ.

20,000 ಪೌಂಡ್ ಬೇಕು ಅಂತಿಟ್ಟುಕೊಳ್ಳಿ. ಮಾರ್ಚ್ 3ರಂದು ಒಂದೇ ಸಲ 15,000 ಜಮೆಯಾಗಿ ಬ್ಯಾಲೆನ್ಸ್ 21,000 ಆಯಿತು. 17ರಂದು 19,900ಕ್ಕೆ ಇಳಿದು, ಮರುದಿನವೇ ಮತ್ತೆ ತುಂಬಿತು. ಒಂದೇ ದಿನದ ಮಾತು ಅನ್ನಿಸುತ್ತೆ. ಆದರೆ ಎಣಿಕೆ ಮಾರ್ಚ್ 18ರಿಂದ ಹೊಸದಾಗಿ ಶುರು, 28 ದಿನ ತುಂಬುವುದು ಏಪ್ರಿಲ್ 14ಕ್ಕೆ. ಪಾಪ, ಎಷ್ಟೋ ಮಕ್ಕಳು ಇಲ್ಲೇ ಎಡವುತ್ತಾರೆ.

ಆ 15,000ಕ್ಕೂ ಮೂಲ ಕೇಳಬಹುದು. ಎಫ್‌ಡಿ ಮುರಿಸಿದ ದುಡ್ಡಾದರೆ ಬ್ಯಾಂಕಿನ ಪತ್ರ ತೆಗೆದಿಟ್ಟುಕೊಳ್ಳಿ. ಅದರಲ್ಲಿನ ಮೊತ್ತ, ತಾರೀಖು ಜಮೆಗೆ ಹೊಂದಬೇಕು.